ನಿಮ್ಮ ₹12,000 ನಿಜಕ್ಕೂ ₹3,000

*"ಪೀಣ್ಯದ ಸಣ್ಣ ವರ್ಕ್‌ಶಾಪ್ ಒಂದರ ಉದಾಹರಣೆ ಇಟ್ಟುಕೊಂಡು, ಇರುವ ಮಿತಿಗಳೊಳಗೆ ಅತಿ ಹೆಚ್ಚು ಲಾಭ ಹುಡುಕುವ ಲೀನಿಯರ್ ಪ್ರೋಗ್ರಾಮಿಂಗ್ ಬಗ್ಗೆ ಬರೆದಿದ್ದೇನೆ. ಲೇತ್‌ನ ಶ್ಯಾಡೋ ಪ್ರೈಸ್, ಅಂದರೆ ಇನ್ನೊಂದು ಗಂಟೆ ಸಿಕ್ಕರೆ ಹೆಚ್ಚುವ ಲಾಭ, ಗಂಟೆಗೆ ₹200 ಬಂತು. ವಾರಕ್ಕೆ 60 ಗಂಟೆ ಜಾಸ್ತಿ ಓಡಿಸಿದರೆ ₹12,000 ಹೆಚ್ಚು ಲಾಭ ಅಂತ ಮುಗಿಸಿದ್ದೇನೆ. ಪ್ರಕಟಿಸಬಹುದಾ ಸಾರ್?"*

ಈಗಿರುವ ಹಾಗೆ ಆಗುವುದಿಲ್ಲ. ಲೆಕ್ಕ ಮಾಡಿದ್ದು ಸರಿ ಇದೆ, ಉತ್ತರವನ್ನು ಓದಿದ್ದು ತಪ್ಪಾಗಿದೆ. ನಿಮ್ಮದೇ ಸಾಲುಗಳನ್ನು ಮುಂದಿಟ್ಟುಕೊಳ್ಳೋಣ. x ಅಂದರೆ ಶಾಫ್ಟ್, y ಅಂದರೆ ಬ್ರಾಕೆಟ್. ಮೊದಲ ಸಾಲು ವಾರದ ಒಟ್ಟು ಲಾಭ. ಅದರ ಕೆಳಗಿನ ನಿರ್ಬಂಧಗಳು ಕ್ರಮವಾಗಿ ಲೇತ್ ಗಂಟೆ, ಮಿಲ್ಲಿಂಗ್ ಗಂಟೆ, ಶಾಫ್ಟಿಗೆ ಇರುವ ವಾರದ ಆರ್ಡರ್.

```
Max 500x + 400y
2x + y <= 80
x + 2y <= 70
x <= 40
```

30 ಶಾಫ್ಟ್, 20 ಬ್ರಾಕೆಟ್, ಲಾಭ ₹23,000. ಇದು ಸರಿ. ಆದರೆ ₹200 ಎಲ್ಲಿಂದ ಬಂತು ಅಂತ ನೀವು ಹೇಳಿಯೇ ಇಲ್ಲ. ಶಾಫ್ಟಿಗೆ ಲೇತ್‌ನಲ್ಲಿ 2 ಗಂಟೆ, ಲಾಭ ₹500. ಹಾಗಾದರೆ ಗಂಟೆಗೆ ₹250 ಆಗಬೇಕಿತ್ತಲ್ವಾ ಅಂತ ಓದುಗರು ಕೇಳೇ ಕೇಳುತ್ತಾರೆ. ಮಿಲ್ಲಿಂಗ್ ಮೆಷಿನ್ ಆಗಲೇ ತುಂಬಿದೆ, ಸುಮ್ನೆ ಶಾಫ್ಟ್ ಜಾಸ್ತಿ ಮಾಡೋಕಾಗಲ್ಲ. ಲೇತ್‌ಗೆ 3 ಗಂಟೆ ಸಿಕ್ಕಿತು ಅನ್ನಿ. ಒಂದು ಬ್ರಾಕೆಟ್ ಬಿಟ್ಟರೆ ಮಿಲ್ಲಿಂಗ್‌ನಲ್ಲಿ 2 ಗಂಟೆ, ಲೇತ್‌ನಲ್ಲಿ ಇನ್ನೊಂದು ಗಂಟೆ ಬಿಡುವಾಗುತ್ತದೆ. ಅದರಲ್ಲಿ 2 ಶಾಫ್ಟ್ ಆಗುತ್ತವೆ. ಬಂದದ್ದು ₹1,000, ಹೋದದ್ದು ₹400. ಮೂರು ಗಂಟೆಗೆ ₹600, ಗಂಟೆಗೆ ₹200. ಈ ಅದಲುಬದಲೇ ಲೇಖನದ ಜೀವ. ಇದಕ್ಕೆ ಒಂದು ಇಡೀ ಪ್ಯಾರಾ ಕೊಡಿ.

ಈಗ 60 ಗಂಟೆ. ಅದಲುಬದಲು ಮಾಡುತ್ತಾ ಹೋಗಿ. 15 ಗಂಟೆ ಸೇರಿಸುವಷ್ಟರಲ್ಲಿ ಶಾಫ್ಟ್ 40 ಮುಟ್ಟುತ್ತದೆ, ಬ್ರಾಕೆಟ್ 15ಕ್ಕೆ ಇಳಿಯುತ್ತದೆ. ಶಾಫ್ಟಿಗೆ ಆರ್ಡರ್ ಇರುವುದೇ ಅಷ್ಟು. ಆಮೇಲಿನ 45 ಗಂಟೆ ಲೇತ್ ಖಾಲಿ ನಿಲ್ಲುತ್ತದೆ, ಆ ಗಂಟೆಗಳ ಬೆಲೆ ಸೊನ್ನೆ. ಸಿಗುವುದು ₹3,000 ಮಾತ್ರ. ಎಕ್ಸೆಲ್ ಸಾಲ್ವರ್‌ನ ವರದಿಯಲ್ಲಿ `Shadow Price` ಇರುವ ಸಾಲಿನಲ್ಲೇ, ಆ ಬೆಲೆ ಇನ್ನೆಷ್ಟು ಗಂಟೆಯವರೆಗೆ ನಡೆಯುತ್ತದೆ ಅಂತ ಹೇಳುವ `Allowable Increase` ಅಡಿಯಲ್ಲಿ 15 ಇರುತ್ತದೆ. ನೀವು ಕಳಿಸಿದ ಪಟ್ಟಿಯಲ್ಲಿ ಆ ಕಾಲಂ ಬಿಟ್ಟುಹೋಗಿದೆ.

ಇನ್ನೊಂದು ವಿಷಯ. ₹500, ₹400 ಅನ್ನುವಾಗ ಎರಡರಲ್ಲೂ ಲೇತ್ ಆಪರೇಟರ್ ಕೂಲಿ ಕಳೆದಿದ್ದೀರಾ? ಕಳೆದಿಲ್ಲ ಅಂದರೆ ಓವರ್‌ಟೈಮ್ ಗಂಟೆಗೆ ₹200ರ ಒಳಗಿರಬೇಕು. ಗಂಟೆಗೆ ₹120ರಂತೆ ಆಗಲೇ ಕಳೆದಿದ್ದರೆ ₹320ರವರೆಗೂ ಕೊಡಬಹುದು. ನಿಮ್ಮ ಲೇಖನ ಓದಿ ಯಾರಾದರೂ ನಿಜವಾಗಿ ಓವರ್‌ಟೈಮ್ ರೇಟು ಮಾತಾಡಬಹುದು. ಅದಕ್ಕೇ ಇದನ್ನು ಸ್ಪಷ್ಟವಾಗಿ ಬರೆಯಬೇಕು ಅನ್ನುತ್ತಿದ್ದೇನೆ.

ಕೊನೆಯ ಪ್ಯಾರಾ ತೆಗೆದುಹಾಕಿ. ಅದರ ಬದಲು 15 ಗಂಟೆ ದಾಟಿದ ಮೇಲೆ ಏನಾಗುತ್ತದೆ ಅಂತ ಬರೆಯಿರಿ. ಮೊದಲು ಮಿಲ್ಲಿಂಗ್ ಗಂಟೆಯ ಬೆಲೆ ₹100 ಇತ್ತು. ಶಾಫ್ಟ್ 40ಕ್ಕೆ ನಿಂತ ಮೇಲೆ ಒಂದು ಮಿಲ್ಲಿಂಗ್ ಗಂಟೆಗೆ ಅರ್ಧ ಬ್ರಾಕೆಟ್, ಅಂದರೆ ₹200. ಆಗ ಇನ್ನೊಬ್ಬ ಆಪರೇಟರ್ ಬೇಕಾಗುವುದು ಮಿಲ್ಲಿಂಗ್ ಮೆಷಿನ್‌ಗೆ. ಅಷ್ಟು ತಿದ್ದಿ ಮತ್ತೆ ಕಳಿಸಿ, ನಾನೇ ಓದುತ್ತೇನೆ.