ಎಂಟು, ನಾಲ್ಕು, ಎರಡು, ಒಂದು

ಪ್ರಶ್ನೆ: ನಾನು ಮನೆಯಿಂದಲೇ ಪುಸ್ತಕಗಳ ಪುಟವಿನ್ಯಾಸ ಮಾಡಿಕೊಡುತ್ತೇನೆ. ಈಚೆಗೆ ಒಂದು ಕೆಲಸಕ್ಕೆ 100 ಕೇಳಿದೆ ಎಂದುಕೊಳ್ಳಿ. 78ಕ್ಕಿಂತ ಕಡಿಮೆಯಾದರೆ ನನಗೆ ಗಿಟ್ಟುವುದಿಲ್ಲ. ಪ್ರಕಾಶಕರು “ಹೆಚ್ಚಾಯಿತಲ್ಲ” ಎಂದು ಸುಮ್ಮನಾದರು. ನಾನು ಕೂಡಲೇ 90 ಎಂದೆ. ಅವರು 60 ಎಂದರು. ಆಮೇಲೆ 88ಕ್ಕೆ ಇಳಿದೆ, ನಂತರ 80ಕ್ಕೆ. “ಇನ್ನು ಸಾಧ್ಯವೇ ಇಲ್ಲ” ಎಂದರೂ ಅವರು ನಂಬಲಿಲ್ಲ. ಕೊನೆಗೆ 75ಕ್ಕೆ ಒಪ್ಪಿದೆ. ನಿನಗೆ ಬಾಯಿಯೇ ಇಲ್ಲ ಎಂದು ಮನೆಯವರು ಆಡಿಕೊಳ್ಳುತ್ತಾರೆ. ಮುಂದಿನ ವಾರ ಅದೇ ಪ್ರಕಾಶಕರ ಇನ್ನೊಂದು ಪುಸ್ತಕವಿದೆ. ಏನು ಮಾಡಲಿ?

ಉತ್ತರ: ಬಾಯಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ನಿಮ್ಮ ಬಾಯಿ ಬೇಗ ಬಂತು, ಅಷ್ಟೆ. “ಹೆಚ್ಚಾಯಿತಲ್ಲ” ಎನ್ನುವುದು ಒಂದು ಗೊಣಗು. ಅದರಲ್ಲಿ ಅಂಕಿಯೇ ಇಲ್ಲ. ಅವರು ತಮ್ಮ ಅಂಕಿ ಹೇಳುವ ಮೊದಲೇ ಇಳಿದರೆ ನಿಮ್ಮ ಜೊತೆ ನೀವೇ ಚೌಕಾಸಿ ಮಾಡಿದಂತೆ. (ಫೋನಿನಲ್ಲಿ ಮೌನ ಕವಿದರೆ ಏನಾದರೂ ಹೇಳಬೇಕೆಂದು ನನಗೂ ನಾಲಿಗೆ ತುರಿಸುತ್ತದೆ. ಅದನ್ನು ಕಚ್ಚಿ ಹಿಡಿಯಬೇಕು.) ಹಾಗೆ ಮೊದಲೇ ಇಳಿದದ್ದರ ಬೆಲೆ ಎಷ್ಟಾಯಿತು ನೋಡಿ. ಚೌಕಾಸಿ ಸಾಮಾನ್ಯವಾಗಿ ಎರಡೂ ಕಡೆಯ ಅಂಕಿಗಳ ನಡುವಿನತ್ತ ಜಾರುತ್ತದೆ. 100 ಮತ್ತು 60ರ ನಡುವೆ ಇರುವುದು 80. 90 ಮತ್ತು 60ರ ನಡುವೆ ಇರುವುದು 75. ನೀವು ನಿಂತದ್ದು ಸರಿಯಾಗಿ ಅಲ್ಲೇ.

ಇನ್ನು ನಿಮ್ಮ ಇಳಿಕೆಗಳನ್ನು ಮಾತ್ರ ಬರೆದುಕೊಳ್ಳಿ: 10, 2, 8. ಎದುರಿನವರು ನಮ್ಮ ಮಾತಿಗಿಂತ ಈ ಅಂತರಗಳನ್ನೇ ಕೇಳಿಸಿಕೊಳ್ಳುತ್ತಾರೆ. ಹತ್ತರ ನಂತರ ಎರಡೇ ಕೊಟ್ಟಾಗ, ಇವರ ಹತ್ತಿರ ಇನ್ನು ಹೆಚ್ಚೇನೂ ಉಳಿದಿಲ್ಲ ಎಂದು ಅವರಿಗೆ ಅನ್ನಿಸಿರಬೇಕು. ಅಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಮರುಕ್ಷಣ ಎಂಟು ಕೊಟ್ಟಿರಿ. ಒತ್ತಿದರೆ ಇನ್ನೂ ಬರುತ್ತದೆ ಎಂದು ಅದು ಹೇಳಿಬಿಟ್ಟಿತು. ಗೋಡೆಗೆ ಬೆನ್ನು ತಾಗಿದವರು ಎಂಟು ಹೆಜ್ಜೆ ಹಿಂದೆ ಹೋಗಲಾರರು. ಆದ್ದರಿಂದ “ಸಾಧ್ಯವೇ ಇಲ್ಲ” ಎಂಬ ನಿಮ್ಮ ಮಾತು ನಿಜವಾಗಿದ್ದರೂ ಯಾರೂ ನಂಬುವಂತಿರಲಿಲ್ಲ.

ಸಮನಾಗಿ ಮೂರು, ಮೂರು, ಮೂರು ಎಂದು ಇಳಿದರೂ ಇದೇ ಗತಿ. ಕೇಳಿದಾಗಲೆಲ್ಲ ಮೂರು ಸಿಗುವುದಾದರೆ ಕೇಳುವುದನ್ನು ಯಾರು ನಿಲ್ಲಿಸುತ್ತಾರೆ?

ಮುಂದಿನ ವಾರಕ್ಕೆ ಹೀಗೆ ಮಾಡಿ. 78 ನಿಮ್ಮ ತಳ, 85 ನಿಮ್ಮ ಗುರಿ ಎಂದು ಮೊದಲೇ ಕಾಗದದಲ್ಲಿ ಬರೆದಿಡಿ. 100 ಎಂದು ಹೇಳಿ ಕಾಯಿರಿ. ಅವರು ಹಳೆಯ 75 ನೆನಪಿಸುತ್ತಾರೆ, ಬಹುಶಃ 70 ಎಂದೇ ಶುರು ಮಾಡುತ್ತಾರೆ. ಅವರ ಬಾಯಿಂದ ಅಂಕಿ ಬಂದ ಮೇಲೆಯೇ 92 ಎನ್ನಿ. ಅದನ್ನೂ ಬರಿಗೈಯಲ್ಲಿ ಕೊಡಬೇಡಿ: “ಅರ್ಧ ಹಣ ಮುಂಗಡ ಕೊಡುವುದಾದರೆ 92ಕ್ಕೆ ಮಾಡುತ್ತೇನೆ.” ಮುಂದಿನದು 88, ತಿದ್ದುಪಡಿ ಎರಡೇ ಸುತ್ತು ಎಂಬ ಷರತ್ತಿನ ಮೇಲೆ. ನಂತರ “ಲೆಕ್ಕ ಹಾಕಿ ನಾಳೆ ಹೇಳುತ್ತೇನೆ” ಎಂದು ಒಂದು ದಿನ ಬಿಟ್ಟು 86. ಕೊನೆಗೆ 85. ಎಂಟು, ನಾಲ್ಕು, ಎರಡು, ಒಂದು. ಹೆಜ್ಜೆ ಅರ್ಧಕ್ಕರ್ಧ ಕುಗ್ಗುತ್ತ, ನಡುವಿನ ಹೊತ್ತು ಹಿಗ್ಗುತ್ತ ಹೋದಾಗ ಮುಂದಿನದು ಅರ್ಧವೋ ಕಾಲೋ ಎಂದು ಅವರೇ ಅಂದಾಜು ಮಾಡುತ್ತಾರೆ. ಅದಕ್ಕಾಗಿ ಇನ್ನೊಂದು ಸಲ ಫೋನ್ ಮಾಡುವುದು ಅವರಿಗೇ ಬೇಸರವೆನಿಸುತ್ತದೆ.

ಇದನ್ನು ಅವರೂ ಬಲ್ಲರು ಎಂಬುದನ್ನು ಮರೆಯಬೇಡಿ. ಅವರು 70, 76, 79, 80 ಎಂದು ಏರಿ ನಿಂತರೆ ಅದು ನಿಜವಾದ ಮಿತಿ ಇರಬಹುದು, ಅಭ್ಯಾಸ ಮಾಡಿದ ನಡೆಯೂ ಇರಬಹುದು. ಅಂತರವನ್ನಷ್ಟೇ ನೋಡಿದರೆ ಇದು ತಿಳಿಯುವುದಿಲ್ಲ. 85ರಲ್ಲೇ ನಿಂತು, “ಹಾಗಾದರೆ ಈ ಸಲ ಬೇಡ” ಎಂದು ನಯವಾಗಿ ಹೇಳಿ ಎರಡು ದಿನ ಸುಮ್ಮನಿರಿ. ಮಿತಿ ನಿಜವಾಗಿದ್ದರೆ ಅವರು ಹಣದ ಮಾತು ಬಿಟ್ಟು ಬೇರೆ ದಾರಿ ಹುಡುಕುತ್ತಾರೆ: ಪುಟ ಕಡಿಮೆ ಮಾಡೋಣವೇ, ಗಡುವು ಮುಂದೆ ಹಾಕೋಣವೇ ಎಂದು ಕೇಳುತ್ತಾರೆ. ಮಿತಿ ಸುಳ್ಳಾಗಿದ್ದರೆ ಒಂದರ ಹೆಜ್ಜೆಯವರು ಇದ್ದಕ್ಕಿದ್ದಂತೆ ನಾಲ್ಕೈದು ಹಾರುತ್ತಾರೆ.

ಹಾರಲೂ ಇಲ್ಲ, ದಾರಿಯನ್ನೂ ಹುಡುಕಲಿಲ್ಲ ಎನ್ನಿ. ಆಗಲೂ ಅದೇ ಕೆಲಸಕ್ಕೆ 85ರಿಂದ 80ಕ್ಕೆ ಇಳಿಯಬೇಡಿ. ಇಳಿದರೆ ಎರಡರ ನಂತರದ ಆ ಎಂಟು ಮತ್ತೆ ಬಂದಂತೆ. ದರದ ಬದಲು ಕೆಲಸವನ್ನು ಕತ್ತರಿಸಿ: 80 ಆಗಬೇಕಾದರೆ ಮುಖಪುಟವನ್ನು ಬೇರೆಯವರಿಂದ ಮಾಡಿಸಿಕೊಳ್ಳಲಿ, ಒಳಪುಟಗಳನ್ನು ನೀವು ಮಾಡಿಕೊಡಿ. ಮೇಜಿನ ಮೇಲೆ ಈಗಿರುವುದು ಬೇರೆ ಕೆಲಸ. ಪೂರ್ತಿ ಕೆಲಸದ ದರ 85ರಲ್ಲೇ ಉಳಿದಿರುತ್ತದೆ, ಮೂರನೆಯ ಪುಸ್ತಕ ಬಂದಾಗ ಮಾತು ಅಲ್ಲಿಂದಲೇ ಶುರುವಾಗುತ್ತದೆ.