ಶನಿವಾರದ ಗಡುವು, ಗುರುವಾರದ ಪತ್ರ

ಕಾವ್ಯ ಎಂದು ನಾನಿಲ್ಲಿ ಕರೆಯುವ ಇಪ್ಪತ್ತಾರು ವರ್ಷದ ಯುವತಿ ಹಾಸನದ ನಮ್ಮ ಆಪ್ತಸಲಹಾ ಕೊಠಡಿಗೆ ಬಂದದ್ದು ನವೆಂಬರ್ 20ರ ಬುಧವಾರ ಸಂಜೆ. ಅವರ ಒಪ್ಪಿಗೆ ಪಡೆದು, ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಆಹಾರ ತಂತ್ರಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಪಡೆದಿರುವ ಅವರು ಹಾಸನದ ಒಂದು ಆಹಾರ ತಯಾರಿಕಾ ಘಟಕದ ಪ್ರಯೋಗಾಲಯದಲ್ಲಿ ಮೂರು ವರ್ಷದಿಂದ ಕೆಲಸ ಮಾಡುತ್ತಿದ್ದರು. ಕೈಗೆ ಬರುತ್ತಿದ್ದ ಸಂಬಳ ತಿಂಗಳಿಗೆ 24,000 ರೂಪಾಯಿ. ಕೆಲಸ ಬಿಡಬೇಕಾದರೆ 30 ದಿನ ಮುಂಚಿತವಾಗಿ ತಿಳಿಸಬೇಕಿತ್ತು.

ಹಿಂದಿನ ದಿನ, ಮಂಗಳವಾರ, ತೋಟಗಳಿಂದ ಬಂದ ಕಾಫಿಯ ಸಿಪ್ಪೆ ತೆಗೆದು ವಿಂಗಡಿಸುವ ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಿಂದ ಅವರಿಗೆ ಆಫರ್ ಪತ್ರ ಬಂದಿತ್ತು. ಗುಣಮಟ್ಟ ಪರೀಕ್ಷೆಯ ಹೊಣೆ, ಕೈಗೆ 34,000 ರೂಪಾಯಿ, ಜನವರಿ 2ರಂದು ಸೇರಬೇಕು, ಒಪ್ಪಿಗೆಯನ್ನು 23ರ ಶನಿವಾರ ಸಂಜೆ 5 ಗಂಟೆಯೊಳಗೆ ತಿಳಿಸಬೇಕು. ಅದೇ ವಾರ ಬೆಂಗಳೂರಿನ ಒಂದು ಆಹಾರ ಕಂಪನಿಯ ಎಚ್.ಆರ್. ಅಧಿಕಾರಿ ಫೋನಿನಲ್ಲಿ, "ನೀವು ಆಯ್ಕೆಯಾಗಿದ್ದೀರಿ, ವರ್ಷಕ್ಕೆ ಆರು ಲಕ್ಷದ ಪ್ಯಾಕೇಜು, ಪತ್ರ ಮುಂದಿನ ಗುರುವಾರ ಬರುತ್ತದೆ" ಎಂದು ಹೇಳಿದ್ದರು. ಒಂದು ಕಡೆ ಪತ್ರವಿದೆ, ಸಮಯವಿಲ್ಲ. ಇನ್ನೊಂದು ಕಡೆ ಸಮಯವಿದೆ, ಪತ್ರವಿಲ್ಲ. ಎರಡರ ನಡುವೆ ಐದು ದಿನದ ಅಂತರ.

"ಅಣ್ಣ ಹೇಳ್ತಾನೆ, ಈಗ ಹೂಂ ಅಂದ್ಬಿಡು, ಬೆಂಗಳೂರಿನದು ಬಂದರೆ ಆಮೇಲೆ ಬೇಡ ಅಂದರಾಯಿತು ಅಂತ. ಎಲ್ಲರೂ ಹಾಗೇ ಮಾಡ್ತಾರಂತೆ ಮೇಡಂ" ಎಂದರು. ಹೇಳುವಾಗ ಅವರ ಕೈ ಮೊಬೈಲಿನ ಪರದೆಯ ಮೇಲೆ ಓಡುತ್ತಲೇ ಇತ್ತು. ಅಲ್ಲಿ ಕ್ಯೂರಿಂಗ್ ವರ್ಕ್ಸ್‌ನ ಮ್ಯಾನೇಜರರಿಗೆ ಕಳಿಸಲೆಂದು ಬರೆದಿಟ್ಟ ಒಂದು ಸಂದೇಶವಿತ್ತು: "ಸರ್, ಮನೆಯಲ್ಲಿ ಅಜ್ಜಿಗೆ ಹುಷಾರಿಲ್ಲ, ಸ್ವಲ್ಪ ಟೈಮ್ ಕೊಡಿ ಪ್ಲೀಸ್."

ನಾನು ಮೊದಲು ಅಣ್ಣನ ಸಲಹೆಯನ್ನೇ ತೆಗೆದುಕೊಂಡೆ. ಒಪ್ಪಿಗೆ ಕೊಟ್ಟು ಹಿಂದೆ ಸರಿದರೆ ಅದರ ಪೆಟ್ಟು ಯಾರಿಗೆ ಬೀಳುತ್ತದೆ ಎಂಬುದನ್ನು ಕಾವ್ಯ ಅವರ ಬಾಯಿಂದಲೇ ಹೇಳಿಸಬೇಕೆಂದು, ಜನವರಿಯಲ್ಲಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಏನು ನಡೆಯುತ್ತದೆ ಎಂದು ಕೇಳಿದೆ. ತೋಟಗಳಲ್ಲಿ ಅರೇಬಿಕಾ ಕೊಯ್ಲು ಸಾಗುತ್ತಿದ್ದಂತೆ ಒಣಗಿಸಿದ ಪಾರ್ಚ್‌ಮೆಂಟ್, ಅಂದರೆ ಒಳಸಿಪ್ಪೆ ತೆಗೆಯದ ಕಾಫಿ ಬೀಜ, ಲಾರಿಗಳಲ್ಲಿ ಬರತೊಡಗುತ್ತದೆ, ಪ್ರತಿ ಲಾಟಿನ ತೇವಾಂಶ ನೋಡಿಯೇ ಒಳಗೆ ಬಿಡಬೇಕು, ಆ ಹೊತ್ತಿಗೆ ಪ್ರಯೋಗಾಲಯದಲ್ಲಿ ಜನ ಇರಲೇಬೇಕು ಎಂದು ಅವರು ವಿವರಿಸಿದರು. ಹೇಳುತ್ತ ಹೇಳುತ್ತ ತಾವೇ ನಿಲ್ಲಿಸಿದರು. ಡಿಸೆಂಬರ್ ಕೊನೆಯಲ್ಲಿ "ಬರುವುದಿಲ್ಲ" ಎಂದರೆ ಅವರು ಬೇರೆಯವರನ್ನು ಹುಡುಕುವಷ್ಟರಲ್ಲಿ ಹಂಗಾಮಿನ ಅರ್ಧ ಮುಗಿದಿರುತ್ತದೆ. ಹಾಸನ, ಚಿಕ್ಕಮಗಳೂರು, ಕೊಡಗು ಸೇರಿದರೂ ಕಾಫಿಯ ಗುಣಮಟ್ಟ ನೋಡುವವರ ಬಳಗ ದೊಡ್ಡದಲ್ಲ. ಒಬ್ಬರ ಮಾತು ಇನ್ನೊಬ್ಬರಿಗೆ ತಲುಪಲು ಹೆಚ್ಚು ದಿನ ಬೇಕಾಗುವುದಿಲ್ಲ. ಅಜ್ಜಿಯ ಕಾಯಿಲೆಯ ನೆಪಕ್ಕೂ ಇದೇ ಮಾತು ಅನ್ವಯಿಸುತ್ತದೆ. ಮ್ಯಾನೇಜರರು ಮುಂದಿನ ತಿಂಗಳು "ಅಜ್ಜಿ ಹೇಗಿದ್ದಾರೆ?" ಎಂದು ಅಕ್ಕರೆಯಿಂದ ಕೇಳಿದರೆ ಕಾವ್ಯ ಏನು ಹೇಳಬೇಕು?

ಈ ಮಾತುಕತೆಯಿಂದ ನನಗೆ ಬೇಕಾದ ಎಳೆಯೂ ಸಿಕ್ಕಿತು. ಗಡುವು ಎಂದರೆ ಪತ್ರದಲ್ಲಿ ಬರೆದ ದಿನಾಂಕವಷ್ಟೇ ಅಲ್ಲ, ಅದರ ಹಿಂದೆ ಕೊಡುವವರಿಗೊಂದು ಭಯವಿರುತ್ತದೆ. ಕ್ಯೂರಿಂಗ್ ವರ್ಕ್ಸ್‌ನವರ ಭಯ ಶನಿವಾರದ್ದಲ್ಲ, ಜನವರಿ 2ರದ್ದು. ಹಾಗಾದರೆ ಸೇರುವ ದಿನಾಂಕವನ್ನು ಕಾವ್ಯ ಗಟ್ಟಿಯಾಗಿ ಹಿಡಿದುಕೊಂಡು, ಉತ್ತರದ ದಿನಾಂಕವನ್ನು ಮಾತ್ರ ಸಡಿಲಿಸುವಂತೆ ಕೇಳಬಹುದು. ಕಾಗದದ ಮೇಲೆ ಲೆಕ್ಕ ಹಾಕಿದೆವು. ಜನವರಿ 2ರಿಂದ 30 ದಿನ ಹಿಂದಕ್ಕೆ ಹೋದರೆ ಡಿಸೆಂಬರ್ 3 ಸಿಗುತ್ತದೆ. ಒಂದು ದಿನದ ಎಚ್ಚರಿಕೆ ಇಟ್ಟುಕೊಂಡು, ಡಿಸೆಂಬರ್ 2ರ ಸೋಮವಾರದೊಳಗೆ ರಾಜೀನಾಮೆ ಕೊಟ್ಟರೆ ಸಾಕು. ಶನಿವಾರಕ್ಕೂ ಆ ಸೋಮವಾರಕ್ಕೂ ಒಂಬತ್ತು ದಿನ. ಇದರಲ್ಲಿ ಎರಡು ಮೂರು ದಿನ ಕೇಳುವುದು ನ್ಯಾಯವಾಗಿಯೇ ಇತ್ತು.

ಆದರೆ ಕೇಳುವ ಮೊದಲು ಇನ್ನೊಂದು ಕೆಲಸವಿತ್ತು. ಇಂಥ ಸಂದರ್ಭದಲ್ಲಿ ಹೆಚ್ಚಿನವರು ಗಡುವು ಕೊಟ್ಟವರ ಬಳಿಗೇ ಮೊದಲು ಓಡುತ್ತಾರೆ. ತಡ ಮಾಡುತ್ತಿರುವವರ ಬಳಿಗೆ ಮೊದಲು ಹೋಗಬೇಕು ಎಂಬುದು ನನ್ನ ಅನುಭವ. ಅವರು ಎರಡು ದಿನ ಮೊದಲೇ ಪತ್ರ ಕೊಟ್ಟರೆ ಗಡುವು ಕೊಟ್ಟವರ ಬಳಿ ಕೇಳಬೇಕಾದ ಸಮಯವೂ ಅಷ್ಟು ಕಡಿಮೆಯಾಗುತ್ತದೆ. ಗುರುವಾರ ಬೆಳಿಗ್ಗೆ ಬೆಂಗಳೂರಿನ ಎಚ್.ಆರ್. ಅಧಿಕಾರಿಗೆ ಫೋನ್ ಮಾಡಿ ಮೂರೇ ವಿಷಯ ಹೇಳುವಂತೆ ಸೂಚಿಸಿದೆ: ಇನ್ನೊಂದು ಸಂಸ್ಥೆಯ ಲಿಖಿತ ಆಫರ್ ತಮ್ಮ ಕೈಯಲ್ಲಿದೆ, ಅದಕ್ಕೆ ಶನಿವಾರ ಸಂಜೆಯೊಳಗೆ ಉತ್ತರಿಸಬೇಕಿದೆ, ಶುಕ್ರವಾರದೊಳಗೆ ಪತ್ರ ಸಿಗುವ ಸಾಧ್ಯತೆ ಇದೆಯೇ. "ನಿಮ್ಮದೇ ನನ್ನ ಮೊದಲ ಆಯ್ಕೆ" ಎಂಬ ಮಾತನ್ನು ಮನಸ್ಸಿನಲ್ಲಿ ನಿಜವಾಗಿ ಹಾಗಿದ್ದರೆ ಮಾತ್ರ ಸೇರಿಸಬೇಕು ಎಂದೆ. ಕಾವ್ಯ ಸ್ವಲ್ಪ ಹೊತ್ತು ಯೋಚಿಸಿ, ಆ ಮಾತು ಬೇಡ ಎಂದರು. ಅವರಿಗೆ ಇನ್ನೂ ತಿಳಿದಿರಲಿಲ್ಲ.

ತಿಳಿಯದಿರಲು ಒಂದು ಕಾರಣ ಆ ಆರು ಲಕ್ಷ. ಹಣದ ವಿಷಯವನ್ನು ನಾವು ಬೇಗನೆ ಮುಗಿಸಿದೆವು. ಅದರಲ್ಲಿ 60,000 ಕೆಲಸದ ಸಾಧನೆ ನೋಡಿ ವರ್ಷದ ಕೊನೆಗೆ ಕೊಡುವಂಥದ್ದು. ಮೂಲವೇತನ 25,000 ಎಂದು ಎಚ್.ಆರ್. ಹೇಳಿದ್ದರಿಂದ, ಕಂಪನಿ ಕಟ್ಟುವ ಭವಿಷ್ಯ ನಿಧಿಗೆ 21,600 ಮತ್ತು ಗ್ರಾಚ್ಯುಟಿಗೆ ಸುಮಾರು 14,400 ರೂಪಾಯಿಯನ್ನು ಪ್ಯಾಕೇಜಿನಲ್ಲೇ ಎಣಿಸಿರುತ್ತಾರೆ ಎಂದು ಹಿಡಿದೆವು. ಉಳಿದದ್ದು ತಿಂಗಳಿಗೆ 42,000. ಅದರಲ್ಲಿ ಕಾವ್ಯ ಅವರ ಪಾಲಿನ ಭವಿಷ್ಯ ನಿಧಿ 1,800 ಮತ್ತು ವೃತ್ತಿ ತೆರಿಗೆ 200 ಕಳೆದರೆ ಕೈಗೆ ಬರುವುದು 40,000. ಚಿಕ್ಕಮಗಳೂರಿನ 34,000ಕ್ಕೂ ಇದಕ್ಕೂ ವ್ಯತ್ಯಾಸ ಆರು ಸಾವಿರ, ಅದೂ ಬೆಂಗಳೂರಿನ ಪಿ.ಜಿ. ಬಾಡಿಗೆ ಕೊಡುವ ಮೊದಲು.

ಗುರುವಾರದ ಫೋನಿಗೆ ಬೆಂಗಳೂರಿನಿಂದ ಬಂದ ಉತ್ತರ: "ಶುಕ್ರವಾರ ಆಗುವುದಿಲ್ಲ, ಸೋಮವಾರ ಮಧ್ಯಾಹ್ನದೊಳಗೆ ಪ್ರಯತ್ನಿಸುತ್ತೇವೆ." ಐದು ದಿನದ ಅಂತರ ಎರಡಕ್ಕೆ ಇಳಿದಿತ್ತು. ಅದೇ ಮಧ್ಯಾಹ್ನ ಮ್ಯಾನೇಜರರಿಗೆ ಫೋನ್ ಮಾಡಬೇಕೆಂದೂ, ಶನಿವಾರದವರೆಗೆ ಕಾಯಬಾರದೆಂದೂ ಹೇಳಿದೆ. ಕೊನೆಯ ಗಳಿಗೆಯಲ್ಲಿ ಸಮಯ ಕೇಳಿದರೆ ಎದುರಿನವರಿಗೆ ಯೋಚಿಸಲು ಸಮಯವಿರುವುದಿಲ್ಲ, ಹಾಗಾಗಿ ಇಲ್ಲ ಎನ್ನುವುದೇ ಅವರಿಗೆ ಸುಲಭವಾಗುತ್ತದೆ. ಮೊದಲು ಮಾತು, ಆನಂತರ ಅದೇ ದಿನ ಬರಹ. ಅವರು ಕಳಿಸಿದ ಸಂದೇಶ ಹೀಗಿತ್ತು:

"ಸರ್, ನಮಸ್ಕಾರ. ಫೋನಿನಲ್ಲಿ ಮಾತನಾಡಿದ್ದಕ್ಕೆ ಧನ್ಯವಾದಗಳು. ನಿಮ್ಮ ಆಫರ್ ನನಗೆ ಸಂತೋಷ ತಂದಿದೆ. ಇನ್ನೊಂದು ಸಂಸ್ಥೆಯಲ್ಲಿ ನನ್ನ ಆಯ್ಕೆ ಕೊನೆಯ ಹಂತದಲ್ಲಿದ್ದು, ಅದರ ಪತ್ರ ಸೋಮವಾರ ಬರುವ ನಿರೀಕ್ಷೆಯಿದೆ. ಒಮ್ಮೆ ಹೇಳಿದ ಮೇಲೆ ಬದಲಾಗದ ಉತ್ತರವನ್ನೇ ನಿಮಗೆ ಕೊಡಬೇಕೆಂದು ಬಯಸುತ್ತೇನೆ. ಆದ್ದರಿಂದ ನನ್ನ ನಿರ್ಧಾರ ತಿಳಿಸಲು ಶನಿವಾರದ ಬದಲು 26ರ ಮಂಗಳವಾರ ಸಂಜೆ 5ರವರೆಗೆ ಅವಕಾಶ ಕೊಡಲು ಸಾಧ್ಯವೇ? ಒಪ್ಪಿಕೊಂಡರೆ ಜನವರಿ 2ರಂದೇ ಸೇರುತ್ತೇನೆ, ಅದರಲ್ಲಿ ಬದಲಾವಣೆ ಇರುವುದಿಲ್ಲ. ಸಾಧ್ಯವಾಗದಿದ್ದರೆ ದಯವಿಟ್ಟು ತಿಳಿಸಿ, ಶನಿವಾರದೊಳಗೇ ಉತ್ತರಿಸುತ್ತೇನೆ."

ಇದರಲ್ಲಿ ನಾನು ಹಟ ಹಿಡಿದು ಉಳಿಸಿದ್ದು ಕೊನೆಯ ವಾಕ್ಯವನ್ನು. ಅದಿಲ್ಲದಿದ್ದರೆ ಕೋರಿಕೆ ಷರತ್ತಿನಂತೆ ಕೇಳಿಸುತ್ತದೆ. ಸಂಬಳ ಎರಡು ಸಾವಿರ ಹೆಚ್ಚಿಸಬಹುದೇ ಎಂಬ ಸಾಲನ್ನೂ ಕಾವ್ಯ ಇದೇ ಸಂದೇಶಕ್ಕೆ ಸೇರಿಸಲು ಬಯಸಿದ್ದರು, ಅದನ್ನು ಬಿಡಿಸಿದೆ. 1872ರ ಭಾರತೀಯ ಕರಾರು ಕಾಯ್ದೆಯ ಪ್ರಕಾರ ಆಫರ್ ಹೇಗಿದೆಯೋ ಹಾಗೆಯೇ, ಏನನ್ನೂ ಬದಲಿಸದೆ ಒಪ್ಪಬೇಕು. ಬೇರೆ ಸಂಬಳಕ್ಕೆ ಒಪ್ಪುತ್ತೇನೆ ಎಂದರೆ ಅದು ಮೊದಲಿನ ಆಫರ್‌ಗೆ ಒಪ್ಪಿಗೆಯಲ್ಲ, ಹೊಸ ಪ್ರಸ್ತಾಪವಾಗುತ್ತದೆ. ಸಮಯವನ್ನಷ್ಟೇ ಕೇಳಿದರೆ ಆ ತೊಡಕು ಬರುವುದಿಲ್ಲ. ಆದರೆ ಒಪ್ಪಿಗೆ ತಿಳಿಸುವವರೆಗೆ ಕೊಟ್ಟವರು ಆಫರ್ ಹಿಂತೆಗೆದುಕೊಳ್ಳಲು ಅದೇ ಕಾಯ್ದೆಯಲ್ಲಿ ಅವಕಾಶವಿದೆ. ಅಂದರೆ ಸಮಯ ಕೇಳುವುದರಲ್ಲಿ ಸಣ್ಣ ಅಪಾಯ ಇದ್ದೇ ಇದೆ. ಅದನ್ನು ಅವರಿಗೆ ಮುಚ್ಚಿಡಲಿಲ್ಲ.

ಸಂದೇಶ ನೋಡಿದ ಮೇಲೆ ಮ್ಯಾನೇಜರರು ಫೋನ್ ಮಾಡಿ ಒಂದು ವಿಷಯ ಬಿಚ್ಚಿ ಹೇಳಿದರು. ಅವರ ಪಟ್ಟಿಯಲ್ಲಿ ಎರಡನೆಯ ಅಭ್ಯರ್ಥಿಯೊಬ್ಬರಿದ್ದರು, ಅವರಿಗೂ ಒಂದು ತಿಂಗಳ ನೋಟಿಸ್ ಇತ್ತು. ಕಾವ್ಯ ಬೇಡವೆಂದರೆ ಅವರನ್ನು ಕೇಳಿ ಒಪ್ಪಿಸಲು ಒಂದು ವಾರ ಬೇಕು. ಹಾಗಾಗಿ ಮಂಗಳವಾರ ಆಗುವುದಿಲ್ಲ, ಸೋಮವಾರ ಸಂಜೆ 5ರವರೆಗೆ ಕೊಡುತ್ತೇನೆ ಎಂದರು. ಕಾವ್ಯ ಅದಕ್ಕೆ ಧನ್ಯವಾದ ಹೇಳಿ, ಅಲ್ಲಿಗೆ ನಿಲ್ಲಿಸಿದರು. ಇನ್ನೊಮ್ಮೆ ಕೇಳಕೂಡದೆಂದು ನಾವು ಮೊದಲೇ ಮಾತಾಡಿಕೊಂಡಿದ್ದೆವು.

ಶುಕ್ರವಾರ ಅವರು ಮತ್ತೆ ಬಂದಾಗ ಉಳಿದಿದ್ದ ಪ್ರಶ್ನೆ ಒಂದೇ: ಸೋಮವಾರ 5 ಗಂಟೆಗೂ ಬೆಂಗಳೂರಿನ ಪತ್ರ ಬರದಿದ್ದರೆ? ಆಗ ಚಿಕ್ಕಮಗಳೂರನ್ನು ಬೆಂಗಳೂರಿನ ಜೊತೆ ತೂಗಬಾರದು, ಈಗಿರುವ ಕೆಲಸದ ಜೊತೆ ತೂಗಬೇಕು ಎಂದೆ. ಕೈಗೆ ಬಾರದ ಪತ್ರವನ್ನು ತಕ್ಕಡಿಯ ಒಂದು ತಟ್ಟೆಗೆ ಹಾಕುವುದು ಹೇಗೆ? 24,000ದ ಕೆಲಸದಲ್ಲೇ ಉಳಿಯುವುದಕ್ಕಿಂತ ಕ್ಯೂರಿಂಗ್ ವರ್ಕ್ಸ್ ಮೇಲೇ ಎಂದು ಕೇಳಿದಾಗ ಅವರು ಒಂದು ಕ್ಷಣವೂ ತಡೆಯದೆ ಹೌದು ಎಂದರು. ಆ ಉತ್ತರವನ್ನು ದಿನಾಂಕ ಸಮೇತ ಅವರ ಡೈರಿಯಲ್ಲೇ ಬರೆಸಿದೆ. ಸೋಮವಾರ ಸಂಜೆಯ ಗಾಬರಿಯಲ್ಲಿ ಯಾರೂ ಹೊಸದಾಗಿ ಯೋಚಿಸಬಾರದು.

ಸೋಮವಾರ ಬೆಳಿಗ್ಗೆ 11ಕ್ಕೆ ಬೆಂಗಳೂರಿಗೆ ಮತ್ತೆ ಫೋನ್ ಮಾಡಿದಾಗ, ಹಣಕಾಸು ವಿಭಾಗದ ಸಹಿ ಬಾಕಿಯಿದೆ ಎಂಬ ಉತ್ತರ ಬಂತು. 4 ಗಂಟೆಗೂ ಮೇಲ್ ಬಂದಿರಲಿಲ್ಲ. 4.20ಕ್ಕೆ ಕಾವ್ಯ ಕ್ಯೂರಿಂಗ್ ವರ್ಕ್ಸ್‌ಗೆ ಒಪ್ಪಿಗೆ ಕಳಿಸಿ, ಸಹಿ ಮಾಡಿದ ಪ್ರತಿಯ ಸ್ವೀಕೃತಿ ಬಂದ ಮೇಲಷ್ಟೇ, ಮಂಗಳವಾರ ಬೆಳಿಗ್ಗೆ, ಹಾಸನದ ಕೆಲಸಕ್ಕೆ ರಾಜೀನಾಮೆ ಕೊಟ್ಟರು.

ಬೆಂಗಳೂರಿನ ಪತ್ರ ಮೊದಲು ಹೇಳಿದ್ದ ಗುರುವಾರವೇ ಬಂತು. ಆ ರಾತ್ರಿ ಅವರು ನನಗೆ ಫೋನ್ ಮಾಡಿ ಅತ್ತರು. ಅಣ್ಣ ಮತ್ತೆ ಹಳೆಯ ಮಾತನ್ನೇ ಹೇಳಿದ್ದರಂತೆ. ಏನು ಮಾಡಬೇಕೆಂದು ನಾನು ಹೇಳಲಿಲ್ಲ. ಡೈರಿ ತೆಗೆದು ಶುಕ್ರವಾರ ಬರೆದದ್ದನ್ನು ಓದಿ ಎಂದೆ. ಮರುದಿನ ಬೆಳಿಗ್ಗೆ ಅವರೇ ಎಚ್.ಆರ್. ಅಧಿಕಾರಿಗೆ ಫೋನ್ ಮಾಡಿ, ಸೋಮವಾರವೇ ಬೇರೆ ಕಡೆ ಒಪ್ಪಿಗೆ ಕೊಟ್ಟಿರುವುದಾಗಿ ತಿಳಿಸಿ, ಸಮಯ ಕೊಟ್ಟು ಪ್ರಯತ್ನಿಸಿದ್ದಕ್ಕೆ ವಂದಿಸಿ, ಎರಡು ಸಾಲಿನ ಮೇಲ್ ಕಳಿಸಿದರು.

ಈ ಪ್ರಕರಣದಲ್ಲಿ ನನ್ನನ್ನು ಈಗಲೂ ಕಾಡುವುದು, ಕಾವ್ಯ ನವೆಂಬರ್ ಮೊದಲ ವಾರದಲ್ಲೇ ಎರಡೂ ಕಡೆ ಸಂದರ್ಶನ ಮುಗಿಸಿದ್ದರು ಎಂಬುದು. "ಆಯ್ಕೆಯಾದರೆ ಪತ್ರ ಯಾವಾಗ ಬರಬಹುದು, ಉತ್ತರಿಸಲು ಎಷ್ಟು ದಿನ ಇರುತ್ತದೆ?" ಎಂದು ಅಲ್ಲೇ ಕೇಳಿದ್ದರೆ ಹದಿನೈದು ದಿನ ಮೊದಲೇ ಈ ಅಂತರ ಕಾಣುತ್ತಿತ್ತು. ಅಂದಿನಿಂದ ಸಂದರ್ಶನಕ್ಕೆ ಹೊರಟವರು ನನ್ನ ಬಳಿ ಬಂದಾಗ, ಉತ್ತರಗಳ ಅಭ್ಯಾಸ ಮಾಡಿಸುವ ಮೊದಲು ಈ ಒಂದು ಪ್ರಶ್ನೆಯನ್ನು ಕೇಳುವ ಅಭ್ಯಾಸ ಮಾಡಿಸುತ್ತೇನೆ.