ವನ್ಯಾ, ವರ್ಣಾ: ಕೂಗಿದರೆ ತಿರುಗುವವರು ಯಾರು?

(ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಮಕ್ಕಳ ಹೆಸರಿನ ಜಾಗದಲ್ಲಿ ಅದೇ ಬಗೆಯ ಬೇರೆ ಹೆಸರುಗಳಿವೆ.)

ಮಕ್ಕಳ ಹೆಸರಿನ ಬಗ್ಗೆ ಸಲಹೆ ಕೇಳಲು ಪುಣೆಯ ಕೊಥ್ರೂಡಿನಿಂದ ನನ್ನ ಬಳಿ ಬಂದಿದ್ದ ದಂಪತಿಗೆ ಅವಳಿ ಹೆಣ್ಣುಮಕ್ಕಳು. ಗಂಡನ ಊರು ಹಾವೇರಿ ಕಡೆ, ಹೆಂಡತಿಯ ತವರು ಶ್ರೀರಂಗಪಟ್ಟಣ. ಜೊತೆಗೆ ಅತ್ತೆಯೂ ಬಂದಿದ್ದರು. ತೊಟ್ಟಿಲು ಶಾಸ್ತ್ರ ಹತ್ತಿರವಾಗಿತ್ತು, ಹೆಸರಿನ ವಿಷಯಕ್ಕೆ ಮನೆಯಲ್ಲಿ ಮಾತು ನಿಂತಿತ್ತು.

ಮಕ್ಕಳು ಹುಟ್ಟಿದ್ದು ರೋಹಿಣಿ ನಕ್ಷತ್ರದ ಎರಡನೇ ಪಾದದಲ್ಲಿ, ಹೆಸರಿಗೆ ‘ವಾ’ ಅಕ್ಷರ. ಒಂದು ಪಾದ ಸುಮಾರು ಆರು ತಾಸು ಇರುತ್ತದೆ. ನಿಮಿಷಗಳ ಅಂತರದಲ್ಲಿ ಹುಟ್ಟಿದ ಅವಳಿಗಳಿಗೆ ಸಾಮಾನ್ಯವಾಗಿ ಒಂದೇ ಅಕ್ಷರ ಬರುವುದು ಇದಕ್ಕೇ. "ಒಂದ ಅಕ್ಷರ ಇರ್ಲಿ ಬಿಡ್ರಿ, ಅವಳಿ ಅಲ್ಲೇನು," ಎಂದರು ಅತ್ತೆ. ವನ್ಯಾ, ವರ್ಣಾ ಎಂದು ಗೊತ್ತುಮಾಡಿಯೂ ಆಗಿತ್ತು. ಸೊಸೆಗೆ ಒಳಗೊಳಗೇ ಕಸಿವಿಸಿ. ಏಕೆ ಎಂದು ಹೇಳಲು ಬರುತ್ತಿರಲಿಲ್ಲ.

ನಾನು ಅತ್ತೆಯವರನ್ನು ಪಕ್ಕದ ಕೋಣೆಯಲ್ಲಿ ಕೂರಿಸಿ, ಫ್ಯಾನ್ ಜೋರು ಮಾಡಿ, ಬಾಗಿಲು ಮುಂದೆ ಮಾಡಿದೆ. ಮಗ ಎರಡು ಹೆಸರನ್ನೂ ಹಿಂದೆಮುಂದೆ ಮಾಡಿ ಹತ್ತು ಸಲ ಕೂಗಿದ. ಅವರು ನಾಲ್ಕು ಸಲ ತಪ್ಪು ಹೇಳಿದರು. ದೂರದಿಂದ ಕೂಗಿದಾಗ ವ್ಯಂಜನ ಮಸುಕಾಗುತ್ತದೆ, ಸ್ವರ ಉಳಿಯುತ್ತದೆ. ಈ ಎರಡರಲ್ಲಿ ಉಳಿಯುವುದು ಅದೇ ‘ಅ–ಆ’. ಮುದ್ದಿಗೆ ಮೊಟಕು ಮಾಡಿದರೆ ವನು, ವರು. ಇನ್ನೂ ಹತ್ತಿರ.

ಆಮೇಲೆ ಕಾಗದದ ಮೇಲೆ ಬರೆಸಿದೆ. ಮಹಾರಾಷ್ಟ್ರದ ರೂಢಿಯಂತೆ ಹೆಸರು, ತಂದೆಯ ಹೆಸರು, ಅಡ್ಡಹೆಸರು. ಇಬ್ಬರಿಗೂ ತಂದೆಯ ಹೆಸರು ಒಂದೇ, ಅಡ್ಡಹೆಸರು ಒಂದೇ, ಹುಟ್ಟಿದ ದಿನ, ವಿಳಾಸವೂ ಒಂದೇ. ಲಸಿಕೆ ಕಾರ್ಡಿನಲ್ಲಿ, ಶಾಲೆಯ ಹಾಜರಿಯಲ್ಲಿ ಅವರನ್ನು ಬೇರೆ ಮಾಡುವುದು ಮೊದಲ ಹೆಸರೊಂದೇ. ಅದರ ಮೊದಲಕ್ಷರವೂ ಒಂದೇ ಆದರೆ ಇನಿಶಿಯಲ್ ಪೂರ್ತಿ ಒಂದಾಗುತ್ತದೆ. ಗಂಡ ಆ ಎರಡು ಸಾಲನ್ನು ಬಹಳ ಹೊತ್ತು ನೋಡುತ್ತ ಕೂತ. ಮುಳಾ, ಮುಠಾ ನದಿಗಳ ಹೆಸರುಗಳನ್ನು ಹೊಸಬರು ಅದಲುಬದಲು ಮಾಡುವುದನ್ನು ಪುಣೆಯಲ್ಲಿ ಅವನೂ ಕೇಳಿದ್ದ.

ನನ್ನ ಸಲಹೆ ಇಷ್ಟು: ಜೋಡಿ ಅರ್ಥದಲ್ಲಿರಲಿ, ಸದ್ದಿನಲ್ಲಿ ಬೇಡ. ಮೊದಲಕ್ಷರ, ಮೊದಲ ಸ್ವರ, ಕೊನೆಯ ಸ್ವರ ಬೇರೆಯಾಗಲಿ, ಮುದ್ದಿನ ಹೆಸರೂ ಬೇರೆಯಾಗಿ ಕೇಳಲಿ. ಒಂದು ಹೆಸರು ಇನ್ನೊಂದರ ಬಾಲದಂತೆ ಇರಬಾರದು. ಅಕ್ಕನ ಹೆಸರು ಹೇಳದೆ ತಂಗಿಯದು ಅರ್ಧವೆನಿಸಿದರೆ ಆ ಮಗುವಿಗೆ ಅದು ಅನ್ಯಾಯ.

ನಕ್ಷತ್ರದ ಅಕ್ಷರದ ಬಗ್ಗೆ ಅತ್ತೆಯವರಿಗೆ ನಿಜವಾದ ಆತಂಕವಿತ್ತು, ಅದನ್ನು ತಳ್ಳಿಹಾಕಲು ನನಗೆ ಮನಸ್ಸಾಗಲಿಲ್ಲ. ನಾಮಕರಣದಲ್ಲಿ ನಕ್ಷತ್ರನಾಮ, ವ್ಯವಹಾರನಾಮ ಬೇರೆಬೇರೆ ಇಡುವ ಪದ್ಧತಿ ನಮ್ಮಲ್ಲೇ ಇದೆ. ಅಕ್ಕಿಯಲ್ಲಿ ಬರೆದು ಕಿವಿಯಲ್ಲಿ ಹೇಳುವ ಹೆಸರು ‘ವಾ’ದಿಂದಲೇ ಇರಲಿ, ಕರೆಯುವ ಹೆಸರು ಬೇರೆ ಇರಲಿ ಎಂದೆ. ಅವಸರವೂ ಇರಲಿಲ್ಲ. ಜನನವನ್ನು 21 ದಿನದೊಳಗೆ ನೋಂದಾಯಿಸಿದರೆ ಸಾಕು, ಹೆಸರನ್ನು ಒಂದು ವರ್ಷದೊಳಗೆ ಶುಲ್ಕವಿಲ್ಲದೆ ಸೇರಿಸಬಹುದು.

ಮುಂದಿನ ವಾರ ಅತ್ತೆಯವರೇ ಫೋನ್ ಮಾಡಿದರು. ತಮ್ಮೂರಿನ ಹೊಳೆ ವರದಾ, ಬೀಗರ ಊರಿನ ಹೊಳೆ ಕಾವೇರಿ. ಒಂದು ‘ಆ’ದಲ್ಲಿ ಮುಗಿಯುತ್ತದೆ, ಇನ್ನೊಂದು ‘ಇ’ಯಲ್ಲಿ. "ಮಿಕ್ಸರ್ ಹಚ್ಚಿ ಕೂಗಿಸೀನ್ರಿ," ಎಂದರು, "ಹತ್ತಕ್ಕ ಹತ್ತೂ ಸರಿ ಬಂತು."